ಕೆಂಪು ಶಾಯಿಯ ಮಾಸ್ತರರು

ನಾಲ್ಕು ಜನ ಆಪರೇಟರುಗಳು ಪಾಳಿ ಮೇಲೆ ನಡೆಸುವ ವಿದ್ಯುತ್ ಉಪಕೇಂದ್ರದಲ್ಲಿ ಸಹೋದ್ಯೋಗಿಯ ಮುಖ ಕಾಣುವುದು ದಿನಕ್ಕೆ ಹತ್ತು ನಿಮಿಷ. ಅವನು ಟಿಫಿನ್ ಡಬ್ಬಿ ಚೀಲಕ್ಕೆ ಹಾಕುವ ಹೊತ್ತಿಗೆ ನಾವು ಕೊಡೆ ಮೂಲೆಗಿಟ್ಟು ಒಳಗೆ ಬಂದಿರುತ್ತೇವೆ. ಉಳಿದ ಸಹವಾಸವೆಲ್ಲ ಅವನ ಅಕ್ಷರದ ಜೊತೆ. ಹೊನ್ನಾವರ ತಾಲ್ಲೂಕಿನ ಒಂದು ಸ್ಟೇಷನ್ನಿನಲ್ಲಿ ನಾನು ಹಾಗೆ ಹಲವರನ್ನು ಓದಿದ್ದೇನೆ. ಮಂಡಳಿ ಹೋಗಿ 1999ರಲ್ಲಿ ನಿಗಮ ಬಂತು, 2002ರಲ್ಲಿ ಹೆಸ್ಕಾಂ ಬಂತು. ಭಟ್ಕಳದಿಂದ ಕುಮಟೆಯವರೆಗಿನ ಜನ ಮಾತ್ರ ಇಂದಿಗೂ ನಮ್ಮನ್ನು ‘ಕೆಇಬಿಯವರು’ ಎಂದೇ ಬಯ್ಯುತ್ತಾರೆ. ಹೆಸರು ಬದಲಾದರೂ ಬದಲಾಗದೆ ಉಳಿದ ಇನ್ನೊಂದು ವಸ್ತುವೆಂದರೆ ಮೇಜಿನ ಮೇಲಿನ ಆ ಉದ್ದನೆಯ ಲಾಗ್ ಪುಸ್ತಕ.

ಅದರಲ್ಲಿ ಗಂಟೆಗೊಮ್ಮೆ ವೋಲ್ಟೇಜು, ಕರೆಂಟು, ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಉಷ್ಣತೆ ಬರೆಯಬೇಕು. ಕೊನೆಯಲ್ಲಿ ಮುಂದಿನವನಿಗೆ ನಾಲ್ಕು ಸಾಲು. ನಮ್ಮಲ್ಲೊಬ್ಬ ಪ್ರಪಂಚವೇ ಮುಳುಗುತ್ತಿದ್ದರೂ ‘ಎಲ್ಲ ಸರಿಯಿದೆ’ ಎಂದು ಬರೆದು ಹೋಗುತ್ತಿದ್ದ. ಇನ್ನೊಬ್ಬನದು ಕಾದಂಬರಿ. ಮೂರನೆಯವರನ್ನು ನಾವೆಲ್ಲ ಮಾಸ್ತರರು ಎನ್ನುತ್ತಿದ್ದೆವು. ಕಲಿಸಿದ್ದು ಯಾವ ಶಾಲೆಯಲ್ಲೂ ಅಲ್ಲ, ಅಕ್ಷರ ಮಾತ್ರ ಶಾಲೆಯ ಬೋರ್ಡಿನ ಮೇಲಿನದರಂತೆ ದುಂಡಗೆ. ಒಮ್ಮೆ ಅವರು ಬರೆದದ್ದು: ‘ಪ್ಯಾನೆಲ್ ಹಿಂದೆ ಹಾವಿನ ಪೊರೆ ಸಿಕ್ಕಿದೆ. ಹಾವು ಸಿಕ್ಕಿಲ್ಲ.’ ಆ ರಾತ್ರಿ ನಾನು ಕಾಲು ಕೆಳಗಿಡದೆ ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿ ನೌಕರಿ ಮಾಡಿದೆ.

ಮಾಸ್ತರರ ಬಳಿ ಮೂರು ಬರವಣಿಗೆಯಿತ್ತು. ಸರಕಾರಿ ಸಂಗತಿಗೆ ನೀಲಿ, ಜೀವದ ಸಂಗತಿಗೆ ಕೆಂಪು, ಮನೆಯ ಸಂಗತಿಗೆ ಅಂಚಿನಲ್ಲಿ ತೆಳ್ಳಗೆ ಪೆನ್ಸಿಲು. ‘ಮನೆಯಿಂದ ಫೋನ್ ಬಂದರೆ ಸಂಜೆ ಆಸ್ಪತ್ರೆಗೆ ಕರಕೊಂಡು ಹೋಗ್ತೆ ಅಂತ ಹೇಳಿ’ ಎಂಬಂಥವು. ಮಾರನೆಯ ದಿನ ರಬ್ಬರಿನಿಂದ ತಾವೇ ಅಳಿಸುತ್ತಿದ್ದರು. ಅವರ ಹೆಂಡತಿಯ ಕಾಯಿಲೆ ಎಷ್ಟು ದೊಡ್ಡದು ಎಂಬುದನ್ನು ನಾನು ತಿಳಿದದ್ದು ಆ ಅಳಿಸಿದ ಗುರುತುಗಳಿಂದ. ಎದುರು ನಿಂತಾಗ ನಾವು ಮಾತಾಡುತ್ತಿದ್ದದ್ದು ಮಳೆಯ ಬಗ್ಗೆ.

ಬಂದವನು ಏನನ್ನೂ ಮುಟ್ಟುವ ಮೊದಲು ಓದಬೇಕು ಎನ್ನುವುದು ಅವರ ಹಟ. ನಮ್ಮ ಕಡೆಯ ಯಕ್ಷಗಾನದಲ್ಲಿ ರಾತ್ರಿ ಮೀರಿದ ಮೇಲೆ ಬಂದು ಕೂರುವ ದೊಡ್ಡ ಭಾಗವತರು ಪ್ರಸಂಗ ಎಲ್ಲಿಗೆ ಬಂದಿದೆ ಎಂದು ತಿಳಿಯದೆ ತಾಳ ಮುಟ್ಟುತ್ತಾರೆಯೇ? ನಾವು ಮುಟ್ಟುವ ಆತುರದವರು. ಫೋನು ಹೊಡೆದುಕೊಳ್ಳುತ್ತಿರುತ್ತದೆ, ಮೀನಿನ ಕಾಲಕ್ಕೆ ಐಸ್ ಫ್ಯಾಕ್ಟರಿಯವರು, ಮದುವೆಯ ಕಾಲಕ್ಕೆ ಛತ್ರದವರು. ಒಂದು ಫೀಡರು ಬಿದ್ದಿದ್ದರೆ ಸ್ವಿಚ್ಚು ತಿರುಗಿಸಿ ನೋಡೋಣ ಎಂದು ಕೈ ತಾನಾಗಿ ಹೋಗುತ್ತದೆ. ಆದರೆ ಹಿಂದಿನವನು ಆಗಲೇ ನೋಡಿರುತ್ತಾನೆ. ಬೇಸಿಗೆಯುದ್ದಕ್ಕೂ ಸಮುದ್ರದ ಗಾಳಿ ಇನ್ಸುಲೇಟರಿನ ಮೇಲೆ ಉಪ್ಪು ಕೂರಿಸುತ್ತದೆ. ಮೊದಲ ಜಿಟಿಜಿಟಿ ಮಳೆಗೆ ಆ ಉಪ್ಪು ಒದ್ದೆಯಾಗಿ ಕರೆಂಟು ಅದರ ಮೇಲೆಯೇ ಹರಿದು ಲೈನು ಟ್ರಿಪ್ ಆಗುತ್ತದೆ. ಅದು ಒಂದು ಬಗೆ. ತಂತಿ ಹರಿದು ಗದ್ದೆಗೆ ಬಿದ್ದಿರುವುದು ಇನ್ನೊಂದು ಬಗೆ. ಎರಡಕ್ಕೂ ರಿಲೇ ತೋರಿಸುವುದು ಒಂದೇ, ಅರ್ಥ್ ಫಾಲ್ಟ್. ಅದನ್ನು ರಿಸೆಟ್ ಮಾಡಿಬಿಟ್ಟರೆ ಹೊಸಬನಿಗೆ ಪ್ಯಾನೆಲಿನ ಮೇಲೆ ಏನೂ ಕಾಣುವುದಿಲ್ಲ. ‘ಮೂರು ಸಲ ಟ್ರಿಪ್, ಮೂರೂ ಅರ್ಥ್ ಫಾಲ್ಟ್, ಲೈನು ನೋಡಿ ಬರಲು ಹೇಳಿದೆ’ ಎಂಬ ಸಾಲು ಇದ್ದರೆ ಮಾತ್ರ ನಾಲ್ಕನೆಯ ಸಲ ಕೈ ಹಿಂದೆ ಬರುತ್ತದೆ.

ಆದರೆ ಓದಲೇಬೇಕಾದದ್ದು ಎಲ್‌ಸಿ ಪುಸ್ತಕ. ಲೈನ್‌ಮನ್ ಕಂಬ ಹತ್ತುವ ಮೊದಲು ಸ್ಟೇಷನ್ನಿಗೆ ಫೋನು ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಕೇಳುತ್ತಾನೆ. ನಾವು ಬ್ರೇಕರ್ ತೆಗೆದು, ಅದರ ಟ್ರಾಲಿಯನ್ನು ಹೊರಗೆಳೆದು, ಲೈನಿಗೆ ಅರ್ಥ್ ಕೊಟ್ಟು, ‘ಲೈನಿನ ಮೇಲೆ ಜನ ಇದ್ದಾರೆ’ ಎಂಬ ಬೋರ್ಡು ತೂಗುಹಾಕಿ, ಅವನಿಗೊಂದು ನಂಬರು ಹೇಳುತ್ತೇವೆ. ಅಲ್ಲಿ ಅವನು ಮತ್ತೊಮ್ಮೆ ತಂತಿ ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಕಡೆ ಅರ್ಥ್ ರಾಡ್ ಹಾಕಬೇಕು. ಯಾಕೆಂದರೆ ಯಾರ ಮನೆಯ ಜನರೇಟರು ತಪ್ಪು ಜೋಡಣೆಯಿಂದ ಲೈನಿಗೆ ಹಿಂದುಮುಂದಾಗಿ ಕರೆಂಟು ಕಳಿಸುತ್ತದೋ, ಅದು ನಮ್ಮ ಯಾವ ಪುಸ್ತಕಕ್ಕೂ ತಿಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ರಾಡ್ ತೆಗೆದು, ತನ್ನ ಜನರನ್ನೆಲ್ಲ ಕೆಳಗಿಳಿಸಿ, ನಂಬರು ಪಡೆದವನೇ ಅದೇ ನಂಬರನ್ನು ಹಿಂದಿರುಗಿಸಬೇಕು. ಆಮೇಲೇ ಚಾರ್ಜು.

ಒಂದು ಜುಲೈ ಬೆಳಗು. ರಾತ್ರಿಯಿಡೀ ಹೊಡೆದ ಮಳೆಗೆ ಗುಡ್ಡದ ಬದಿಯ ಹನ್ನೊಂದು ಕೆವಿ ಲೈನಿನ ಮೇಲೆ ಅಕೇಶಿಯಾ ಮರ ಬಿದ್ದಿತ್ತು. ನಾನು ಒಳಗೆ ಕಾಲಿಟ್ಟಾಗ ಮಾಸ್ತರರು ಆಸ್ಪತ್ರೆಯ ಬಸ್ಸಿಗೆ ಹೊರಟು ನಿಂತಿದ್ದರು. “ಓದ್ಕಂಡು ಸಹಿ ಹಾಕಿ ಮಾರಾಯ್ರೇ, ನಂಗೆ ಹೊತ್ತಾಯ್ತು” ಎಂದರೂ ನಾನು ಓದುವವರೆಗೆ ನಿಂತೇ ಇದ್ದರು. ಅವರ ಕಣ್ಣು ನನ್ನ ಕಣ್ಣು ಯಾವ ಸಾಲಿನಲ್ಲಿದೆ ಎಂದು ನೋಡುತ್ತಿತ್ತು. ಕೆಂಪಿನಲ್ಲಿ ಹೀಗಿತ್ತು: ‘ಒಂದೇ ಫೀಡರಿಗೆ ಎರಡು ಎಲ್‌ಸಿ. ಎರಡೂ ಬಂದ ಮೇಲೆ.’ ಕೆಳಗೆ ಎರಡು ಗೆರೆ.

ಅವರ ಬಸ್ಸು ಹೋಗಿ ಸ್ವಲ್ಪ ಹೊತ್ತಿಗೆ ಮರ ಕಡಿದವನ ಫೋನು ಬಂತು, ಎಲ್‌ಸಿ ರಿಟರ್ನ್. ಬೆನ್ನಿಗೇ ಐಸ್ ಫ್ಯಾಕ್ಟರಿಯವರು: “ಮರ ತೆಗ್ದಾಯ್ತಂತಲ್ಲ ಸಾರ್, ಇನ್ನೆಂತಕ್ಕೆ ತಡ? ಮೀನು ಹಾಳಾಗ್ತದೆ.” ಪ್ಯಾನೆಲಿನ ಮೇಲೆ ತೂಗುತ್ತಿದ್ದದ್ದು ಒಂದೇ ಬೋರ್ಡು. ಎಷ್ಟು ತಂಡ ಕಂಬದ ಮೇಲಿದ್ದರೂ ಬೋರ್ಡು ಒಂದೇ, ಅದಕ್ಕೆ ಲೆಕ್ಕ ಬರುವುದಿಲ್ಲ. ಪುಸ್ತಕದಲ್ಲಿ ಮಾತ್ರ ಎರಡು ಸಾಲಿತ್ತು, ಎರಡನೆಯದರ ರಿಟರ್ನ್ ಕಾಲಮ್ಮು ಖಾಲಿ. ಬೇರೆ ಸೆಕ್ಷನ್ನಿನ ತಂಡವೊಂದು ತಮ್ಮ ಲೈನು ಇದರ ಕೆಳಗೆ ದಾಟುವ ಜಾಗದಲ್ಲಿ ಇನ್ಸುಲೇಟರ್ ಬದಲಿಸಲು ನಸುಕಿನಲ್ಲಿ ಅದನ್ನು ಪಡೆದಿತ್ತು. ಮರ ಕಡಿದವನಿಗೆ ಅವರು ಅಲ್ಲಿರುವುದೇ ಗೊತ್ತಿಲ್ಲ.

ಮುಕ್ಕಾಲು ಗಂಟೆ ಬೈಗುಳ ಕೇಳಿಕೊಂಡು ಕೂತೆ. ಕೊನೆಗೆ ಎರಡನೆಯವನ ದನಿ: “ರಿಟರ್ನ್ ತಗಳಿ ಸಾರ್. ಚೂರು ತಡ ಆಯ್ತು, ಕಾಲಿಗೆ ಉಂಬಳ ಹತ್ತಿತ್ತು, ಬಿಡಿಸ್ತಾ ಇದ್ದೆ.” ತಡವಾದದ್ದಕ್ಕೆ ಅವನಿಗೆ ನಾಚಿಕೆ. ಆ ವಾರ ಸ್ಟೇಷನ್ನಿಗೆ ಬಂದು ಚಹಾ ಕುಡಿದು, ಉಂಬಳದ ಕಥೆಯನ್ನು ಮತ್ತೊಮ್ಮೆ ಹೇಳಿ ನಗಿಸಿ ಹೋದ. ಕೆಂಪು ಗೆರೆಗಳ ಕಥೆಯನ್ನು ನಾನು ಹೇಳಲಿಲ್ಲ. ನಾಳೆ ಮತ್ತೆ ಕಂಬ ಹತ್ತಬೇಕಾದವನು.

ಮಾಸ್ತರರು ಒಂದು ತಿಂಗಳ ಕೊನೆಯ ದಿನ ನಿವೃತ್ತರಾದರು. ಅಷ್ಟರಲ್ಲಿ ಪೆನ್ಸಿಲಿನ ಸಾಲುಗಳು ನಿಂತು ಕೆಲವು ತಿಂಗಳಾಗಿತ್ತು. ಮನೆಯಿಂದ ಫೋನು ಮಾಡುವವರು ಇರಲಿಲ್ಲ. ಅವರ ಕಡೆಯ ಪುಟದಲ್ಲಿ ವಿದಾಯದ ಮಾತೇನಾದರೂ ಇದ್ದೀತೆಂದು ಹುಡುಕಿದೆ. ‘ಬ್ಯಾಟರಿಗೆ ನೀರು ಹಾಕಿದೆ. ಎಲ್‌ಸಿ ಬಾಕಿ ಇಲ್ಲ’ ಎಂದಿತ್ತು.

ಮಳೆಗಾಲದಲ್ಲಿ ಕರೆಂಟು ಹೋದಾಗ ನೀವು ಸ್ಟೇಷನ್ನಿಗೆ ಫೋನು ಮಾಡಿ, ಖಂಡಿತ ಮಾಡಿ. ತಂತಿ ಬಿದ್ದದ್ದು ಕಂಡರೆ ತಡಮಾಡದೆ ಹೇಳಿ. ಆದರೆ ಆ ಕಡೆಯವನು “ಎಲ್‌ಸಿ ಇದೆ” ಎಂದರೆ ಮರುಮಾತಾಡದೆ ಫೋನು ಇಟ್ಟುಬಿಡಿ. ಎಷ್ಟು ಹೊತ್ತು ಎಂದು ಅವನನ್ನು ಕೇಳಬೇಡಿ, ಅದು ಅವನಿಗೂ ಗೊತ್ತಿರುವುದಿಲ್ಲ.