ಬಿಳಿ, ನೀಲಿ, ಆಮೇಲೆ ಕೆಂಪು

ಚಳಿಗೆ ಎಲ್ಲರ ಕೈಯೂ ತಣ್ಣಗಾಗುತ್ತೆ. ನಾನು ಹೇಳೋಕೆ ಹೊರಟಿರೋದು ಅದಲ್ಲ. ಡಿಸೆಂಬರ್‌ನಲ್ಲಿ ಬೆಳಗ್ಗೆ ಸ್ಕೂಟರ್ ಓಡಿಸ್ಕೊಂಡು ಕಾಲೇಜಿಗೆ ಬಂದಾಗ ಕೆಲವು ದಿನ ನನಗೆ ಹೆಲ್ಮೆಟ್ ಬಕಲ್ ಬಿಚ್ಚೋಕೆ ಆಗಲ್ಲ. ಬೆರಳು ಇದೆ, ಆದ್ರೆ ಬಕಲ್ ಮುಟ್ಟಿದ್ದು ಗೊತ್ತಾಗಲ್ಲ. ನಡುಬೆರಳು, ಉಂಗುರದ ಬೆರಳು ಎರಡನೇ ಗೆಣ್ಣಿನ ತನಕ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿರುತ್ತೆ. ಎಲ್ಲಿ ಬಿಳಿ ನಿಂತು ಮಾಮೂಲಿ ಬಣ್ಣ ಶುರುವಾಗುತ್ತೋ ಅಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ಸ್ಪಷ್ಟವಾದ ಗಡಿ. ಸ್ವಲ್ಪ ಹೊತ್ತಿಗೆ ಅದೇ ಬೆರಳು ನೀಲಿಯಾಗುತ್ತೆ. ಕ್ಲಾಸ್‌ರೂಮಿಗೆ ಬಂದು ಕೂತ ಮೇಲೆ ಕೆಂಪಾಗಿ, ಸೂಜಿ ಚುಚ್ಚಿದ ಹಾಗೆ ಉರಿಯೋಕೆ ಶುರು. ಒಟ್ಟು ಇಪ್ಪತ್ತು ನಿಮಿಷದ ಆಟ. ಕಾಲ್ಬೆರಳಿಗೂ ಹೀಗೇ ಆಗುತ್ತೆ, ಶೂ ಒಳಗಿರೋದರಿಂದ ಯಾರಿಗೂ ಕಾಣಲ್ಲ ಅಷ್ಟೆ.

ಇದಕ್ಕೆ ರೇನೋ ಫಿನಾಮಿನನ್ ಅಂತ ಹೆಸರು. ಕಾರಿನ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ. ಮಾರಿಸ್ ರೇನೋ ಅನ್ನೋ ಫ್ರೆಂಚ್ ಡಾಕ್ಟರ್ 1862ರಲ್ಲಿ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದರು. ನೆಟ್‌ನಲ್ಲಿ ಹುಡುಕಿದರೆ ಸಿಗೋ ಫೋಟೋಗಳು ಬಹುಪಾಲು ಬಿಳಿ ಚರ್ಮದವರದ್ದು. ನಮ್ಮಂಥ ಕಂದು ಚರ್ಮದಲ್ಲಿ ಬೆರಳ ಹಿಂಭಾಗ ನೋಡಿದರೆ ಬಣ್ಣ ಬದಲಾಗಿದ್ದು ಅಷ್ಟಾಗಿ ತಿಳಿಯಲ್ಲ. ಅಂಗೈ ಕಡೆ ನೋಡಬೇಕು, ಉಗುರಿನ ಕೆಳಗೆ ನೋಡಬೇಕು. ಮೂರೂ ಬಣ್ಣ ಎಲ್ಲರಿಗೂ ಬರಲೇಬೇಕು ಅಂತಲೂ ಇಲ್ಲ.

ಒಳಗೆ ನಡೆಯೋದು ನಮಗೆ ಅರ್ಥ ಆಗೋ ವಿಷಯವೇ. ಬೆರಳುಗಳು ದೇಹದ ರೇಡಿಯೇಟರ್ ಇದ್ದ ಹಾಗೆ. ಬಿಸಿ ಜಾಸ್ತಿಯಾದರೆ ದೇಹ ಅಲ್ಲಿಗೆ ರಕ್ತ ಹರಿಸಿ ಶಾಖ ಹೊರಗೆ ಹಾಕುತ್ತೆ. ಚಳಿಯಾದರೆ ನರಗಳು ಸಿಗ್ನಲ್ ಕೊಟ್ಟು ಅಲ್ಲಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡಿ ಶಾಖ ಉಳಿಸುತ್ತೆ. ಎಲ್ಲರಿಗೂ ಇಷ್ಟು ಆಗುತ್ತೆ. ರೇನೋ ಇದ್ದವರಲ್ಲಿ ಇದೇ ಪ್ರತಿಕ್ರಿಯೆ ಅತಿಯಾಗಿ, ನಾಳ ಹೆಚ್ಚುಕಮ್ಮಿ ಮುಚ್ಚಿಯೇ ಹೋಗುತ್ತೆ. ಫ್ಲೂಯಿಡ್ ಮೆಕಾನಿಕ್ಸ್‌ನಲ್ಲಿ ಓದಿದ್ದು ನೆನಪಿದೆಯಾ? ಪೈಪಿನಲ್ಲಿ ಹರಿವು ರೇಡಿಯಸ್‌ನ ನಾಲ್ಕನೇ ಘಾತಕ್ಕೆ ಅನುಗುಣ. ರೇಡಿಯಸ್ ಅರ್ಧ ಆದರೆ ಹರಿವು ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. ರಕ್ತ ನೀರಲ್ಲ, ರಕ್ತನಾಳ ಪಿವಿಸಿ ಪೈಪೂ ಅಲ್ಲ, ಆದರೂ ಅಂದಾಜಿಗೆ ಇಷ್ಟು ಸಾಕು. ರಕ್ತ ಬರದೇ ಇದ್ದಾಗ ಬಿಳಿ. ಒಳಗೆ ಉಳಿದ ಚೂರುಪಾರು ರಕ್ತದ ಆಮ್ಲಜನಕ ಖಾಲಿಯಾಗುತ್ತಾ ಬಂದಾಗ ನೀಲಿ. ನಾಳ ಮತ್ತೆ ತೆರೆದು ರಕ್ತ ನುಗ್ಗಿದಾಗ ಕೆಂಪು.

ಇಲ್ಲಿಂದ ಒಂದು ಉಪಯೋಗದ ಮಾತು ಹೊರಡುತ್ತೆ. ಗ್ಲೌಸ್ ಶಾಖ ಹುಟ್ಟಿಸಲ್ಲ. ಅದು ಬರೀ ಇನ್ಸುಲೇಶನ್. ಬೆರಳಿಗೆ ಶಾಖ ತರೋದು ರಕ್ತ, ಆ ರಕ್ತವೇ ನಿಂತ ಮೇಲೆ ಗ್ಲೌಸ್ ಹಾಕಿಕೊಂಡರೆ ತಣ್ಣನೆಯ ಬೆರಳು ತಣ್ಣಗೇ ಇರುತ್ತೆ. ಹಾಗಾಗಿ ಹೊರಗೆ ಕಾಲಿಡೋ ಮೊದಲೇ, ಮನೆಯೊಳಗೆ ಕೈ ಬೆಚ್ಚಗಿರುವಾಗಲೇ ಹಾಕ್ಕೋಬೇಕು. ಇನ್ನೊಂದು, ನಾಳ ಬಿಗಿ ಮಾಡು ಅನ್ನೋ ಸಿಗ್ನಲ್ ಬರೋದು ಕೈಗೆ ಚಳಿ ತಗುಲಿದಾಗ ಮಾತ್ರ ಅಲ್ಲ. ಎದೆ, ಕುತ್ತಿಗೆಗೆ ಗಾಳಿ ಹೊಡೆದು ಇಡೀ ಮೈ ತಣ್ಣಗಾದರೂ ಬರುತ್ತೆ. ನನ್ನ ದಾರಿ 25 ನಿಮಿಷದ್ದು. ತೆಳು ಶರ್ಟ್ ಮತ್ತು ಒಳ್ಳೆ ಗ್ಲೌಸ್ ಇದ್ದ ದಿನವೂ ಬೆರಳು ಬೆಳ್ಳಗಾಗಿದ್ದುಂಟು. ಒಳಗೊಂದು ಬನಿಯನ್, ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಜಾಕೆಟ್, ಕುತ್ತಿಗೆಗೆ ಮಫ್ಲರ್ ಇದ್ದ ದಿನ ಅದೇ ಗ್ಲೌಸ್‌ನಲ್ಲಿ ಏನೂ ಆಗಿಲ್ಲ. ಮಫ್ಲರ್ ನೋಡಿ ಫ್ರೆಂಡ್ಸ್ ‘ಏನ್ ತಾತ’ ಅಂತಾರೆ, ಅನ್ನಲಿ. ಕಾಲಿಗೆ ಮಾತ್ರ ಲೆಕ್ಕ ಬೇರೆ: ಬಿಗಿ ಶೂ ಒಳಗೆ ಎರಡು ಜೊತೆ ಸಾಕ್ಸ್ ತುರುಕಿದರೆ ಒತ್ತಡಕ್ಕೆ ರಕ್ತ ಇನ್ನೂ ಕಮ್ಮಿ ಆಗುತ್ತೆ. ಒಂದೇ ಜೊತೆ, ದಪ್ಪದ್ದು, ಒಣಗಿದ್ದು ಸಾಕು.

ಶುರು ಆದ ಮೇಲೆ ಏನು ಮಾಡೋದು? ಮೊದಲು ಚಳಿಯಿಂದ ಒಳಗೆ ಬನ್ನಿ. ಕೈ ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲಾಂದ್ರೆ ತೋಳನ್ನು ಗಾಳಿಪಟ್ಟಿಯ ಹಾಗೆ ಗುಂಡಗೆ ಬೀಸಿ, ರಕ್ತ ಬೆರಳ ತುದಿ ಕಡೆ ತಳ್ಳಿಕೊಳ್ಳುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಬಹುದು, ಆದರೆ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಜೋಮು ಹಿಡಿದ ಬೆರಳಿಗೆ ಸುಟ್ಟರೂ ಗೊತ್ತಾಗಲ್ಲ. ಬೈಕ್ ಸೈಲೆನ್ಸರ್ ಹತ್ತಿರ ಕೈ ಹಿಡಿಯೋದು ಬೇಡವೇ ಬೇಡ, ಅದೇ ಕಾರಣಕ್ಕೆ. ಸಿಗರೇಟು ಚಳಿಗೆ ಬೆಚ್ಚಗೆ ಅನ್ನಿಸಬಹುದು, ನಿಕೋಟಿನ್ ಮಾಡೋದು ಮಾತ್ರ ಇದೇ ನಾಳಗಳನ್ನು ಬಿಗಿ ಮಾಡೋ ಕೆಲಸ. ಕಟ್ಟಿದ ಮೂಗು ಬಿಡಿಸೋ ಕೆಲವು ನೆಗಡಿ ಮಾತ್ರೆಗಳೂ ಹಾಗೇ. ಟೆನ್ಶನ್ ಕೂಡ ಸೇರುತ್ತೆ, ಎಸಿ ರೂಮಲ್ಲಿ ವೈವಾ ಇದ್ದರೆ ಎರಡೂ ಒಟ್ಟಿಗೆ.

ಅಜ್ಜಿ ಇದನ್ನು ನೋಡಿ ‘ಮೈಯಲ್ಲಿ ರಕ್ತ ಇಲ್ಲ ಕಣೋ, ಬೀಟ್‌ರೂಟ್ ತಿನ್ನು’ ಅಂದ್ರು. ಹಿಮೋಗ್ಲೋಬಿನ್ ನಾರ್ಮಲ್ ಬಂತು, ಬೀಟ್‌ರೂಟ್ ಪಲ್ಯ ಆದರೂ ತಪ್ಪಲಿಲ್ಲ. ಅಮ್ಮ ಡಾಕ್ಟರ್ ಹತ್ತಿರ ಕರ್ಕೊಂಡು ಹೋದ್ರು. ಅವರು ಕೇಳಿದ್ದು ಐದಾರೇ ಪ್ರಶ್ನೆ. ಯಾವ ವಯಸ್ಸಲ್ಲಿ ಶುರುವಾಯ್ತು, ಎರಡೂ ಕೈಗೂ ಆಗುತ್ತಾ, ಬೆರಳ ತುದಿಯಲ್ಲಿ ಹುಣ್ಣು ಆಗಿದೆಯಾ, ಚರ್ಮ ಬಿಗಿಯಾಗಿದೆಯಾ, ಕೀಲು ನೋವಿದೆಯಾ, ನುಂಗೋಕೆ ಕಷ್ಟ ಇದೆಯಾ. ಆಮೇಲೆ ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ, ಲೈಟ್ ಇರೋ ಲೆನ್ಸ್‌ನಲ್ಲಿ ನೋಡಿದ್ರು. ಅಲ್ಲಿನ ಅತಿ ಸಣ್ಣ ರಕ್ತನಾಳಗಳು ಹೇರ್‌ಪಿನ್ ಜೋಡಿಸಿಟ್ಟ ಹಾಗೆ ಸಾಲಾಗಿದ್ದರೆ ಒಳ್ಳೇದು. ಕೆಲವು ಊದಿಕೊಂಡು, ಕೆಲವು ಕಾಣೆಯಾಗಿದ್ದರೆ ಸ್ಕ್ಲೆರೋಡರ್ಮಾದಂಥ ಕಾಯಿಲೆಯ ಅನುಮಾನ ಬರುತ್ತೆ. ನನ್ನವು ಸರಿಯಾಗಿದ್ದವು, ರಕ್ತದಲ್ಲಿ ಮಾಡಿಸಿದ ಎಎನ್‌ಎ ಟೆಸ್ಟೂ ನೆಗೆಟಿವ್. ಹದಿನಾರಕ್ಕೆ ಶುರುವಾಗಿ ಎರಡೂ ಕೈಗೆ ಒಂದೇ ಥರ ಬಂದು, ಗಾಯ ಮಾಡದೆ ಹೋಗುವ ಇಂಥದ್ದನ್ನು ಪ್ರೈಮರಿ ಅಂತಾರೆ. ತೀರಾ ಕಷ್ಟ ಆದವರಿಗೆ ನಿಫೆಡಿಪಿನ್ ಮಾತ್ರೆ ಕೊಡ್ತಾರೆ, ಅದು ನಾಳ ಸಡಿಲಿಸುತ್ತೆ, ಜೊತೆಗೆ ಬಿಪಿಯನ್ನೂ ಇಳಿಸುತ್ತೆ. ನನಗೆ ಬೇಕಾಗಲಿಲ್ಲ. ಮೂವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಒಂದೇ ಕೈಗೆ ಆದರೆ, ತುದಿಯಲ್ಲಿ ಹುಣ್ಣಾದರೆ ಡಾಕ್ಟರ್‌ಗೆ ತೋರಿಸಲೇಬೇಕು. ಬೆಚ್ಚಗೆ ಮಾಡಿ ಎಷ್ಟು ಹೊತ್ತಾದರೂ ಬಣ್ಣ ವಾಪಸ್ ಬರದಿದ್ದರೆ ಆವತ್ತೇ ಆಸ್ಪತ್ರೆಗೆ.

ನನಗಿದು ಒಂದು ಕಿರಿಕಿರಿ, ಅಷ್ಟೆ. ಎಲ್ಲರಿಗೂ ಅಷ್ಟರಲ್ಲೇ ಮುಗಿಯಲ್ಲ ಅಂತ ಗೊತ್ತಾಗಿದ್ದು ಹೋದ ಸೆಮಿಸ್ಟರ್‌ನ ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ. ಅದೊಂದು ಫ್ಯಾಬ್ರಿಕೇಶನ್ ಶೆಡ್, ಬೆಳಗಿನ ಚಳಿ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ ನನ್ನ ಬೆರಳು ನೋಡಿ ಅಲ್ಲಿನ ಗ್ರೈಂಡರ್ ಆಪರೇಟರ್ ಒಬ್ಬರು ‘ನಿಮಗೂ ಹಿಂಗಾ?’ ಅಂತ ತಮ್ಮ ಎಡಗೈ ಚಾಚಿದ್ರು. ಮೂರು ಬೆರಳು ಬಿಳಿ. ಅವರ ವಯಸ್ಸು ನಲವತ್ತರ ಮೇಲೆ, ಹನ್ನೆರಡು ವರ್ಷದಿಂದ ಇದೇ ಕೆಲಸ. ಚಳಿ ಇಲ್ಲದಾಗಲೂ ಜೋಮು ಇರುತ್ತೆ, ಶರ್ಟ್ ಗುಂಡಿ ಹಾಕೋದೇ ಕಷ್ಟ ಅಂದ್ರು. ಗ್ರೈಂಡರ್, ಕಾಂಕ್ರೀಟ್ ಒಡೆಯೋ ಬ್ರೇಕರ್ ಇವುಗಳ ಕಂಪನ ವರ್ಷಗಟ್ಟಲೆ ಕೈಗೆ ಬಿದ್ದರೆ ಬೆರಳಿನ ರಕ್ತನಾಳ, ನರ ಎರಡಕ್ಕೂ ಪೆಟ್ಟು. ಇದಕ್ಕೆ ಮಫ್ಲರ್, ಗ್ಲೌಸ್ ಅಷ್ಟೇ ಸಾಲದು. ಸವೆದ ಡಿಸ್ಕ್ ಬದಲಾಯಿಸಬೇಕು, ಮೆಶಿನ್ ಹಿಡಿಯೋ ಹೊತ್ತು ಕಮ್ಮಿ ಆಗಬೇಕು, ನಡುನಡುವೆ ಬೇರೆ ಕೆಲಸ ಸಿಗಬೇಕು. ಹಾಗೇ ಮುಂದುವರಿದರೆ ನರದ ಪೆಟ್ಟು ವಾಪಸ್ ಸರಿಹೋಗದೇ ಇರಬಹುದು.

‘ಸೂಪರ್‌ವೈಸರ್ ಚಳಿಗೆ ಅಂತಾರೆ’ ಅಂದ್ರು ಅವರು. ಇಎಸ್‌ಐ ಕಾರ್ಡ್ ಇದೆಯಾ ಅಣ್ಣ ಅಂತ ಕೇಳಿದೆ. ಇದೆ ಅಂದ್ರು. ಹಾಗಾದ್ರೆ ಅಲ್ಲಿಗೆ ಹೋದಾಗ ಕೈ ಜೋಮು ಅಂತ ಇಷ್ಟೇ ಹೇಳಬೇಡಿ, ಗ್ರೈಂಡರ್ ಕೆಲಸ, ಹನ್ನೆರಡು ವರ್ಷ, ದಿನಕ್ಕೆ ಇಷ್ಟು ಗಂಟೆ ಅಂತಾನೂ ಹೇಳಿ ಅಂದೆ. ಅವರು ನನ್ನ ಪೆನ್ನು ಇಸ್ಕೊಂಡು, ಟೀ ಅಂಗಡಿಯ ಪೇಪರ್ ಮೇಲೆ ಗಂಟೆ ಲೆಕ್ಕ ಹಾಕೋಕೆ ಕೂತ್ರು.