ಲಗ್ನಪತ್ರಿಕೆ ಮತ್ತು ಕಾಕಾನ ತಕರಾರು ಅರ್ಜಿ

ಅಕ್ಕನ ಮದುವೆ ಯಾವ ವರ್ಷ ಆಯಿತೆಂದು ಕೇಳಬೇಡಿ, ನನಗೆ ನೆನಪಿಲ್ಲ. ಬೇಸಿಗೆ ಅಂತೂ ಖರೆ. ಭೀಮೆ ಸಣ್ಣಗಾಗಿ ಮಳಲು ಮೇಲೆ ಬಂದಿತ್ತು, ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಅಂಗಾಲು ಸುಡುತ್ತಿತ್ತು.

ಮೊದಲ ಲಗ್ನಪತ್ರಿಕೆ ಚಂದ್ರಲಾಂಬೆಗೆ ಇಡುವುದು ನಮ್ಮ ಮನೆಯ ಪದ್ಧತಿ. ಕಾಕಾ ಪ್ರೆಸ್ಸಿನಿಂದ ನಾನೂರು ಕಾರ್ಡು ತಂದವನೇ ಸೀದಾ ಗುಡಿಗೆ ಹೋಗಿ, ಮೆಟ್ಟಿಲ ಮೇಲೆ ಸುತಳಿ ಬಿಚ್ಚಿದ. ಮೇಲಿನ ಕಾರ್ಡು ಚೆನ್ನಾಗೇ ಇತ್ತು. ಎರಡನೆಯದರ ಬೆನ್ನಿಗೆ ಅಕ್ಷರಗಳೆಲ್ಲ ಉಲ್ಟಾ ಮೂಡಿದ್ದವು. ಮುತ್ಯಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏ, ಇದು ಅಶೋಕನ ಲಿಪಿ ಅದ ನೋಡೋ" ಅಂದ.

ಆ ಮಾತಿಗೊಂದು ಹಿನ್ನೆಲೆ ಉಂಟು. 1986ರಲ್ಲಿ ನಮ್ಮೂರು ಸನ್ನತಿಯ ಕಾಳಿ ಗುಡಿಯ ಮಾಡು ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿ ನಿಲ್ಲಿಸಲು ಹಿಂದಿನವರು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಅಂದಿನಿಂದ ಓದಲು ಬಾರದ್ದೆಲ್ಲ ಮುತ್ಯಾಗೆ ಅಶೋಕನದೇ.

ಕಾಕಾ ಮಾತ್ರ ನಗಲಿಲ್ಲ. ಮನೆಗೆ ಬಂದು ರೊಟ್ಟಿ ಪುಂಡಿಪಲ್ಯ ಮುಂದಿಟ್ಟುಕೊಂಡೇ ಪತ್ರ ಬರೆಯಲು ಕೂತ. ಮೊದಲ ಸಾಲಿನಲ್ಲೇ ಪ್ರೆಸ್ಸಿನವನ ವಂಶವೆಲ್ಲ ಬಂದಿತ್ತು. ಪಕ್ಕದ ಮನೆಯ ಮಾಸ್ತರರು ಓದಿ, ಮಡಚಿ ಜೇಬಿಗೆ ಹಾಕಿಕೊಂಡರು. "ಬೈಯೂದು ಆಮ್ಯಾಲೆ. ಮೊದಲು ಎಣಿಸೋಣ ಬಾರಪಾ."

ಪಡಸಾಲೆಯ ಶಹಾಬಾದ ಕಲ್ಲಿನ ಮೇಲೆ ಕಾರ್ಡು ಹರಡಿದೆವು. ಗಾಳಿಗೆ ಹಾರದಂತೆ ಅವ್ವ ಗುಂಪು ಗುಂಪಿಗೂ ಒಂದೊಂದು ಬಟ್ಟಲು ತೊಗರಿ ಇಟ್ಟಳು. ಸರಿಯಾದವು 140. ಬೆನ್ನಿಗೆ ಮಸಿ ಹತ್ತಿದವು 170. ಕೆಂಪಕ್ಷರ ನೀಲಿಯ ಮೇಲೆ ಏರಿ ಕೂತವು 90. ಅವುಗಳಲ್ಲಿ ಅಕ್ಷತೆಯ ವೇಳೆ 12-05 ಇದ್ದದ್ದು ಏನೆಂದೇ ತಿಳಿಯುತ್ತಿರಲಿಲ್ಲ.

ಮಾಸ್ತರರು ಹಿಂದೆ ಒಂದಷ್ಟು ದಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರು. ಹೆಬ್ಬೆಟ್ಟಿನಿಂದ ಅಕ್ಷರ ತಿಕ್ಕಿದರು, ಮಸಿ ಬಂತು. "ನುಣುಪು ಕಾಗದ ಮಸಿ ಹೀರೂದಿಲ್ಲ, ತಡಾ ಆಗಿ ಒಣಗ್ತದ. ಇಂವ ಹಸಿ ಇದ್ದಾಗೇ ಒಂದರ ಮ್ಯಾಲೊಂದು ಪೇರಿಸ್ಯಾನ" ಅಂದರು. ನೀರು ತಾಗಿ ಕೆಟ್ಟಿದ್ದರೆ ಅಂಚು ಉಬ್ಬುತ್ತಿತ್ತು, ಅಕ್ಷರ ಹೀಗೆ ಕನ್ನಡಿಯಲ್ಲಿ ಕಂಡಂತೆ ಮೂಡುತ್ತಿರಲಿಲ್ಲ. ಕೆಂಪಿನ ತಪ್ಪು ಬೇರೆ. ಎರಡು ಬಣ್ಣವೆಂದರೆ ಕಾರ್ಡು ಎರಡು ಸಲ ಟ್ರೆಡಲಿಗೆ ಹೋಗಬೇಕು. ಎಲ್ಲದರಲ್ಲೂ ಕೆಂಪು ಒಂದೇ ಅಳತೆಯಷ್ಟು ಸರಿದಿದ್ದರೆ ಮೊಳೆ ಕಟ್ಟಿದ್ದೇ ತಪ್ಪು. ಇಲ್ಲಿ ಒಂದರಲ್ಲಿ ಮೇಲೆ, ಒಂದರಲ್ಲಿ ಓರೆ. ಅಂದರೆ ಕಾಗದ ಆನಿಸುವ ಪಿನ್ನು ಸಡಿಲಾಗಿದೆ, ಇಲ್ಲವೆ ಇಡುವ ಹುಡುಗ ಅವಸರ ಮಾಡಿದ್ದಾನೆ.

ಆಮೇಲೆ ಕಾಕಾ ಸಹಿ ಮಾಡಿದ ಪ್ರೂಫು ಕೇಳಿದರು. ಅದರಲ್ಲಿ 'ಸನ್ನತಿ' ಇದ್ದದ್ದು 'ಸನ್ನಿತಿ' ಆಗಿತ್ತು, ಪಕ್ಕದಲ್ಲೇ ಕಾಕಾನ ದಪ್ಪ ಸಹಿ. ಕಾಕಾ ಹೊರಗೆ ನೋಡತೊಡಗಿದ. "ಇದು ನಿನ್ನ ಪಾಲು. ಇದನ್ನ ಅವನ ಮ್ಯಾಲೆ ಹಾಕಿದ್ರ ಉಳಿದದ್ದೂ ನಂಬೂದಿಲ್ಲ" ಅಂದರು ಮಾಸ್ತರರು. ಕಡೆಗೆ ಹೋದ ಪತ್ರ ಇಷ್ಟೇ. ಕಾರ್ಬನ್ ಪ್ರತಿ ನನ್ನ ಹತ್ತಿರ ಇತ್ತಾದ್ದರಿಂದ ಹೆಚ್ಚು ಕಡಿಮೆ ಹೀಗೇ ಇತ್ತು ಎನ್ನಬಲ್ಲೆ:

"ಮಾನ್ಯರೆ, ತಮ್ಮಲ್ಲಿ ಮುದ್ರಿಸಿದ 400 ಲಗ್ನಪತ್ರಿಕೆಗಳಲ್ಲಿ 170ಕ್ಕೆ ಹಿಂಬದಿ ಮಸಿ ಹತ್ತಿದೆ, 90ರಲ್ಲಿ ಎರಡು ಬಣ್ಣ ಕೂಡಿಲ್ಲ. ಎರಡೂ ಬಗೆಯ ಮಾದರಿ, ರಸೀದಿ, ಸಹಿ ಮಾಡಿದ ಪ್ರೂಫು ಜೊತೆಗಿವೆ. ಊರ ಹೆಸರಿನ ತಪ್ಪು ನಮ್ಮ ಕಣ್ತಪ್ಪು, ಅದರ ತಕರಾರಿಲ್ಲ. 260 ಪತ್ರಿಕೆಗಳನ್ನು ಖಾಲಿ ಕಾರ್ಡಿನ ಬೆಲೆಯೂ ಸೇರಿ ಪುಕ್ಕಟೆ ಮರುಮುದ್ರಿಸಿ ಬರುವ ಗುರುವಾರದೊಳಗೆ ಕೊಡಬೇಕು. ಕೆಟ್ಟವನ್ನು ವಾಪಸು ಕೊಡುತ್ತೇವೆ."

ಖಾಲಿ ಕಾರ್ಡಿನ ಮಾತು ಮಾಸ್ತರರು ಬೇಕೆಂದೇ ಸೇರಿಸಿದ್ದು. ಬಣ್ಣದ ಚಿತ್ರದ ಕಾರ್ಡು ಶಿವಕಾಶಿಯಿಂದ ತಯಾರಾಗಿ ಬರುತ್ತದೆ, ಇಲ್ಲಿಯವರು ಹೆಸರು ಮಾತ್ರ ಒತ್ತುತ್ತಾರೆ. 'ಪುಕ್ಕಟೆ' ಎಂದಷ್ಟೇ ಬರೆದರೆ ಒತ್ತಿದ ಕೂಲಿ ಬಿಟ್ಟು ಕಾರ್ಡಿನ ಹಣ ಕೇಳುತ್ತಾರೆ.

ಪ್ರೆಸ್ಸಿನವನೂ ಮೊದಲು ಅದನ್ನೇ ಕೇಳಿದನಂತೆ. ಕಾಕಾ ಆ ಸಾಲಿನ ಮೇಲೆ ಬೆರಳಿಟ್ಟ. ಅವನು ಒಂದು ಕಾರ್ಡು ಎತ್ತಿ ತಾನೇ ತಿಕ್ಕಿ ನೋಡಿ, ಬೆರಳು ಒರೆಸಿಕೊಂಡು, "ಕಾಕಾ, ಈ ಗಣಪತಿ ಖಾಲಿ ಆಗ್ಯಾನ, ಬ್ಯಾರೆ ಗಣಪತಿ ಹಾಕ್ತೀನಿ, ನಡೀತದೇನ್ರಿ?" ಅಂದ. ನಡೆಯಿತು. ಊರ ಹೆಸರೂ ತಿದ್ದಿ ಕೊಟ್ಟ, ಅದಕ್ಕೆ ದುಡ್ಡು ತೊಗೊಳ್ಳಲಿಲ್ಲ. ಗುರುವಾರವಲ್ಲ, ಶುಕ್ರವಾರ ಬಂದವು.

ಚೆನ್ನಾಗಿದ್ದವೆಲ್ಲ ಊರೂರಿಗೆ ಹಂಚಿ ಹೋದವು. ಅಕ್ಕನ ಮನೆಯ ಆಲ್ಬಮ್ಮಿನಲ್ಲಿ ಈಗ ಇರುವುದು ಮಾದರಿಗೆಂದು ಮಾಸ್ತರರು ತೆಗೆದಿಟ್ಟಿದ್ದ, ಕೆಂಪು ಓರೆಯಾದ ಆ ಒಂದೇ ಕಾರ್ಡು.