ಏರಿ ಅಂದರೆ ಯಾವ ಏರಿ?

ನಮ್ಮ ದೊಡ್ಡಮ್ಮನ ಮಗಳು ಕಾಲೇಜಲ್ಲಿ ಇತಿಹಾಸ ಪಾಠ ಮಾಡ್ತಾಳೆ. ಹಳೇ ಮೈಸೂರು ಸೀಮೆಯ ಕೆರೆಗಳ ಮೇಲೆ ಅವಳು ಬರೆದ ಪಿಎಚ್.ಡಿ. ಥೀಸಿಸ್ ಪುಸ್ತಕವಾಗೋ ಹೊತ್ತಿಗೆ 412 ಪುಟ ಆಗಿತ್ತು. ಕೊನೆಯಲ್ಲಿ ಎರಡು ಸೂಚಿ ಇರಲೇಬೇಕು ಅಂತ ಪ್ರಕಾಶಕರು ಹೇಳಿದರಂತೆ. ಒಂದು ವಿಷಯಸೂಚಿ, ಇನ್ನೊಂದು ಲೇಖಕರ ಸೂಚಿ. "ನೀನು ಕಂಪ್ಯೂಟರ್‌ನೋನು, ನಿಂಗೆ ಒಂದು ಸಂಜೆ ಕೆಲಸ ಕಣೋ" ಅಂತ ಅಕ್ಕ ಕೊನೆಯ ಪ್ರೂಫಿನ ಪಿಡಿಎಫ್ ಕಳಿಸಿದಳು. ಐದು ವಾರಾಂತ್ಯ ಹಿಡೀತು.

ಕೊನೆಯ ಪ್ರೂಫ್ ಅನ್ನೋದು ಇಲ್ಲಿ ಮುಖ್ಯ. ಸೂಚಿಯಲ್ಲಿರೋದು ಪುಟಸಂಖ್ಯೆ. ಪ್ರೂಫ್ ತಿದ್ದುವಾಗ ನಲವತ್ತನೇ ಪುಟಕ್ಕೆ ಯಾರಾದರೂ ಒಂದು ಪ್ಯಾರಾ ಸೇರಿಸಿದರೆ ಅಲ್ಲಿಂದ ಮುಂದಿನದ್ದೆಲ್ಲ ಜರುಗುತ್ತೆ. ಅದಕ್ಕೇ ಮೊದಲು ಅಕ್ಕನಿಂದ ಮಾತು ತಗೊಂಡೆ: ಇನ್ನು ಒಂದು ಸಾಲನ್ನೂ ಮುಟ್ಟಬಾರದು.

ಇಷ್ಟಕ್ಕೂ ಕಂಪ್ಯೂಟರ್ ಇರುವಾಗ ಪದ ಹುಡುಕಿಸಿ ಪುಟಸಂಖ್ಯೆ ತೆಗೆಯೋದಕ್ಕೇನು ಕಷ್ಟ ಅಂತ ನೀವು ಕೇಳಬಹುದು. ಕನ್ನಡದಲ್ಲಿ ಅದು ಮೊದಲ ಪದಕ್ಕೇ ಕೈ ಕೊಡುತ್ತೆ. "ತೂಬು" ಅಂತ ಹುಡುಕಿ ನೋಡಿ. ತೂಬಿನ, ತೂಬಿಗೆ, ತೂಬನ್ನು ಯಾವುದೂ ಸಿಗಲ್ಲ, ಯಾಕಂದರೆ ವಿಭಕ್ತಿ ಸೇರಿದ ಕೂಡಲೇ ಕೊನೆಯ ಉಕಾರ ಹೋಗಿರುತ್ತೆ. ಸರಿ, "ತೂಬ" ಅಂತ ಹುಡುಕೋಣ ಅಂದರೆ ಕೆಲವು ಸಾಫ್ಟ್‌ವೇರ್‌ಗಳು ಸ್ವರಚಿಹ್ನೆ ಇರೋದನ್ನ ಬೇರೆ ಅಕ್ಷರ ಅಂತಲೇ ಲೆಕ್ಕ ಹಾಕುತ್ತವೆ. ಶಾಸನಗಳಿಂದ ಎತ್ತಿದ ಭಾಗಗಳಲ್ಲಂತೂ ಅದು "ತೂಂಬು" ಆಗಿರುತ್ತೆ.

ಇದಕ್ಕೆ ಉಲ್ಟಾ ತೊಂದರೆ "ಏರಿ"ಯದು. ಊರಲ್ಲಿ ಬೆಳೆದವರಿಗೆ ಏರಿ ಅಂದರೆ ಕೆರೆಗೆ ಅಡ್ಡ ಹಾಕಿದ ಮಣ್ಣಿನ ಕಟ್ಟೆ. ಹುಡುಕಿದರೆ ಆ ಏರಿಯ ಜೊತೆ ಬೆಟ್ಟ ಏರಿ ಹೋದವರು, ಕುದುರೆ ಏರಿ ಬಂದವರು, ಪಟ್ಟ ಏರಿದವರು ಎಲ್ಲರೂ ಬರ್ತಾರೆ. ಅದನ್ನೂ ಕಣ್ಣಲ್ಲಿ ನೋಡಿ ತೆಗೆಯಬಹುದು ಅನ್ನಿ. ಆದರೆ ಏಳನೇ ಅಧ್ಯಾಯದಲ್ಲಿ ಅಕ್ಕ ತಮಿಳುನಾಡಿನ ಕೆರೆಗಳ ಜೊತೆ ಹೋಲಿಕೆ ಮಾಡ್ತಾಳೆ. ತಮಿಳಲ್ಲಿ ಏರಿ ಅಂದರೆ ಕೆರೆಯೇ! ಒಂದೇ ಪುಸ್ತಕ, ಒಂದೇ ಕಾಗುಣಿತ. ಮೊದಲ ಆರು ಅಧ್ಯಾಯದಲ್ಲಿ ನೀರನ್ನ ತಡೆಯೋ ಮಣ್ಣು, ಏಳನೆಯದರಲ್ಲಿ ನೀರು ನಿಂತಿರೋ ಜಾಗ. ಎರಡನ್ನೂ ಒಂದೇ ಸಾಲಲ್ಲಿ ಪುಟಸಂಖ್ಯೆ ಹಾಕಿ ಜೋಡಿಸಿದರೆ ಏರಿ ಒಡೆದ ಕಥೆ ಹುಡುಕ್ತಾ ಬಂದವನು ಕಾಂಚೀಪುರದ ಕಡೆಯ ಕೆರೆಗೆ ಹೋಗಿ ಬೀಳ್ತಾನೆ. ಹಾಗಾಗಿ ಸೂಚಿಯಲ್ಲಿ ಎರಡು ಏರಿ ಮಾಡಿದೆವು: "ಏರಿ (ಕೆರೆಯ ಕಟ್ಟೆ)" ಒಂದು, "ಏರಿ (ತಮಿಳಿನಲ್ಲಿ ಕೆರೆ)" ಇನ್ನೊಂದು.

ಅಲ್ಲಿಗೆ ಹುಡುಕೋ ಆಟ ನಿಲ್ಲಿಸಿ ಪ್ರೂಫನ್ನು ಪ್ರಿಂಟ್ ತೆಗೆಸಿದೆ. ಪೆನ್ಸಿಲ್ ಹಿಡಿದು ಪುಟ ಪುಟವೂ ಓದೋದು, ಅಂಚಿನಲ್ಲಿ ಪದ ಬರೆಯೋದು, ಆಮೇಲೆ ಎಕ್ಸೆಲ್ ಶೀಟಿಗೆ ಹಾಕೋದು. ಮೂರೇ ಕಾಲಂ: ಮುಖ್ಯಪದ, ಉಪಪದ, ಪುಟ. ಹಳೇ ಕಾಲದವರು ಇದನ್ನೇ ಕಾರ್ಡಿನ ಮೇಲೆ ಬರೆದು ಡಬ್ಬದಲ್ಲಿ ಜೋಡಿಸ್ತಿದ್ದರು. ನಮ್ಮದು ಬರೀ ಡಬ್ಬ ಬದಲಾಗಿದೆ.

ಪದ ಆರಿಸುವಾಗ ಕೇಳಿಕೊಳ್ಳಬೇಕಾದ್ದು "ಈ ಪುಟದಲ್ಲಿ ಯಾವ ಪದ ಇದೆ" ಅಂತಲ್ಲ, "ಈ ಪುಟ ಬೇಕಾದವನು ಯಾವ ಪದ ಹಿಡಿದು ಬರ್ತಾನೆ" ಅಂತ. ಎಂಜಿನಿಯರ್ ಒಬ್ಬ ಬಂದರೆ ಸ್ಲೂಸ್ ಅಂತ ನೋಡ್ತಾನೆ. ಶಾಸನ ಓದಿದವರು ತೂಂಬು ಅಂತ ನೋಡ್ತಾರೆ. ನಮ್ಮೂರಿನೋರು ತೂಬು ಅಂತಾರೆ. ಪುಟಸಂಖ್ಯೆಗಳನ್ನ ಮೂರಕ್ಕೂ ಹಂಚಿದರೆ ಪ್ರತಿಯೊಬ್ಬನಿಗೂ ಮೂರನೇ ಒಂದು ಭಾಗ ಸಿಗುತ್ತೆ, ಮತ್ತು ಅಷ್ಟೇ ಇರೋದು ಅಂದ್ಕೊಂಡು ಪುಸ್ತಕ ಮುಚ್ಚುತ್ತಾನೆ. ಆದ್ದರಿಂದ ಒಂದು ಮನೆ, ಉಳಿದವು ಬರೀ ಕೈಕಂಬ. ನಮ್ಮಲ್ಲಿ ಅದು ಹೀಗೆ ಬಂತು:

ತೂಬು
— ಕಲ್ಲುಕಂಬಗಳ ರಚನೆ 88–92
— ತೆಗೆಯುವ ಸರದಿ 203–211
— ದುರಸ್ತಿ 140, 262
— ಶಾಸನಗಳಲ್ಲಿ 61, 64
ಇದನ್ನೂ ನೋಡಿ: ಕೋಡಿ, ನೀರುಗಂಟಿ
ತೂಂಬು, ನೋಡಿ: ತೂಬು
ಸ್ಲೂಸ್, ನೋಡಿ: ತೂಬು

ಉಪಪದ ಯಾಕೆ ಅಂದರೆ, ಒಂದು ಪದದ ಮುಂದೆ ಹತ್ತು ಹನ್ನೆರಡು ಪುಟಸಂಖ್ಯೆ ಸಾಲಾಗಿ ನಿಂತರೆ ಯಾರೂ ಒಂದೊಂದಾಗಿ ತೆಗೆದು ನೋಡಲ್ಲ. ಐದಾರು ದಾಟಿತು ಅಂದರೆ ಒಡೆಯಬೇಕು. "ಕೆರೆ" ಅನ್ನೋ ಪದಕ್ಕಂತೂ ಏನೂ ಹಾಕೋ ಹಾಗಿಲ್ಲ. ಇಡೀ ಪುಸ್ತಕವೇ ಕೆರೆ. ಅಲ್ಲಿ "ನೋಡಿ: ಅಚ್ಚುಕಟ್ಟು, ಏರಿ, ಕೋಡಿ, ತೂಬು, ಹೂಳು" ಅಂತ ದಾರಿ ತೋರಿಸಿ ಬಿಟ್ಟೆವು.

"ನೋಡಿ", "ಇದನ್ನೂ ನೋಡಿ" ಎರಡೂ ಬೇರೆ ಬೇರೆ. ಮೊದಲನೆಯದು, ಇಲ್ಲಿ ಏನೂ ಇಲ್ಲ, ಅಲ್ಲಿ ಹೋಗು ಅನ್ನುತ್ತೆ. ಎರಡನೆಯದು, ಇಲ್ಲಿ ಇದೆ, ಅಲ್ಲಿ ಪಕ್ಕದ ವಿಷಯವೂ ಇದೆ ಅನ್ನುತ್ತೆ. ಹಳೆಯ ಪುಸ್ತಕವೊಂದರಲ್ಲಿ "ನೀರು ಹಂಚಿಕೆ, ನೋಡಿ: ಸರದಿ" ಅಂತಿತ್ತು. ಸರದಿಗೆ ಹೋದರೆ "ನೋಡಿ: ನೀರು ಹಂಚಿಕೆ". ಸರ್ಕಾರಿ ಕಚೇರಿಯ ಎರಡು ಟೇಬಲ್ ನೆನಪಾಯ್ತು. ಇದನ್ನ ಮಾತ್ರ ಕಂಪ್ಯೂಟರ್ ಚೆನ್ನಾಗಿ ಹಿಡಿಯುತ್ತೆ: ಪ್ರತಿ "ನೋಡಿ"ಯ ಆ ತುದಿಯಲ್ಲಿ ನಿಜಕ್ಕೂ ಪುಟಸಂಖ್ಯೆ ಇರೋ ಪದ ಇದೆಯಾ ಅಂತ ಒಂದು ಚಿಕ್ಕ ಸ್ಕ್ರಿಪ್ಟ್ ಪರೀಕ್ಷೆ ಮಾಡಬಹುದು. ಇನ್ನೊಂದು ಲೆಕ್ಕ: ಆ ತುದಿಯಲ್ಲಿ ಇರೋದು ಒಂದೇ ಒಂದು ಪುಟ ಅಂದರೆ ಓದುಗನನ್ನ ಅಲೆಸಬೇಡಿ, ಎರಡೂ ಕಡೆ ಆ ಸಂಖ್ಯೆಯನ್ನೇ ಹಾಕಿಬಿಡಿ. ಜಾಗ ಅಷ್ಟೇ ಹಿಡಿಯುತ್ತೆ.

ನಾವಿಬ್ಬರೂ ಹೆಚ್ಚು ಹೊತ್ತು ಕೂತಿದ್ದು "ನೀರುಗಂಟಿ" ಮೇಲೆ. ತೂಬು ತೆಗೆದು ಗದ್ದೆಗೆ ನೀರು ಹಂಚೋನು ನೀರುಗಂಟಿ. ಆ ಪದ ಇದ್ದಿದ್ದು ಹನ್ನೊಂದು ಪುಟದಲ್ಲಿ. ಆದರೆ ಓದ್ತಾ ಹೋದರೆ "ತೂಬು ತೆಗೆಯುವವನಿಗೆ ಸುಗ್ಗಿಯಲ್ಲಿ ಇಷ್ಟು ಭತ್ತ" ಅಂತ ಒಂದು ಕಡೆ, "ರಾತ್ರಿ ಕಾವಲಿಗೆ ಹೋದವರು" ಅಂತ ಇನ್ನೊಂದು ಕಡೆ, ಬರೀ "ಆಳು" ಅಂತ ಮತ್ತೊಂದು ಕಡೆ. ಎಲ್ಲ ಅವನೇ. ಪದ ಇಲ್ಲದ ಪುಟಗಳನ್ನೂ ಸೇರಿಸಿದಾಗ ಇಪ್ಪತ್ತಾರು ಆಯ್ತು.

"ಎಷ್ಟೊಂದು ಕಡೆ ಅವನ ಹೆಸರು ಹೇಳದೇನೇ ಬರೆದಿದ್ದೀನಲ್ಲೋ" ಅಂದಳು ಅಕ್ಕ. ಪಠ್ಯ ಮುಟ್ಟೋ ಹಾಗಿರಲಿಲ್ಲ. ಸೂಚಿಯಲ್ಲಿ ಮಾತ್ರ "ನೀರುಗಂಟಿ" ಕೆಳಗೆ "ಕೂಲಿ ಮತ್ತು ಭತ್ತದ ಪಾಲು", "ಜಾತಿ", "ರಾತ್ರಿ ಕಾವಲು", "ಬರಗಾಲದಲ್ಲಿ" ಅಂತ ಉಪಪದ ಕೊಟ್ಟೆವು.

ಲೇಖಕರ ಸೂಚಿ ಸಲೀಸು ಅಂತ ಹೇಳೋರು ಕನ್ನಡದ ಹೆಸರುಗಳನ್ನ ನೋಡಿಲ್ಲ. ಇಂಗ್ಲಿಷ್ ಪದ್ಧತಿಯಂತೆ ಕೊನೆಯ ಪದವನ್ನ ಮುಂದೆ ತರೋ ಸಾಫ್ಟ್‌ವೇರ್, "ಎಂ. ಚಿದಾನಂದ ಮೂರ್ತಿ" ಅಂತ ಬಿಡಿಸಿ ಬರೆದಿದ್ದರೆ "ಮೂರ್ತಿ, ಎಂ. ಚಿದಾನಂದ" ಅಂತ ಮಾಡುತ್ತೆ. ಮೂರ್ತಿ ಮನೆತನದ ಹೆಸರಲ್ಲ. "ಚಿದಾನಂದಮೂರ್ತಿ, ಎಂ." ಅಂತಲೇ ಬರಬೇಕು. ಎಂ. ಎಂ. ಕಲಬುರ್ಗಿಯವರದ್ದು ಮನೆತನದ ಹೆಸರೇ, ಅದು ಸರಿ ಹೋಗುತ್ತೆ. ಅಡಿಟಿಪ್ಪಣಿಯಲ್ಲಿ ಬರೀ "ನರಸಿಂಹಾಚಾರ್" ಅಂತ ಬಂದರೆ ಅದು ಕವಿಚರಿತೆಯ ಆರ್. ನರಸಿಂಹಾಚಾರ್ ಇರಬಹುದು, ಡಿ. ಎಲ್. ನರಸಿಂಹಾಚಾರ್ ಇರಬಹುದು, ಕೃತಿಯ ಹೆಸರು ನೋಡಿಯೇ ಹಾಕಬೇಕು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಆಮೇಲೆ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸಿಕೊಂಡ. 1807ರ ಪ್ರವಾಸಗ್ರಂಥ ಬುಕನನ್ ಹೆಸರಲ್ಲಿರೋದರಿಂದ ಅದೇ ಮನೆ, "ಹ್ಯಾಮಿಲ್ಟನ್, ನೋಡಿ: ಬುಕನನ್".

ಇನ್ನು ಅಕಾರಾದಿ. ಪೈಥಾನ್‌ನಲ್ಲಿ ಸುಮ್ಮನೆ ವಿಂಗಡಿಸಿದರೆ ಕಲ್ಲು, ಕಳೆ, ಕವಲುಗಾಲುವೆ, ಕಸ ಅಂತ ಬರುತ್ತೆ. ಯೂನಿಕೋಡ್‌ನಲ್ಲಿ ಳಕಾರವನ್ನ ಲಕಾರದ ಪಕ್ಕದಲ್ಲೇ ಕೂರಿಸಿದ್ದಾರೆ. ನಾವು ಶಾಲೆಯಲ್ಲಿ ಕಲಿತಿದ್ದು ಶ ಷ ಸ ಹ ಳ. "ಹಳ್ಳ" ಹುಡುಕೋನು "ಹಸಿರು" ಆದ ಮೇಲೆ ನೋಡ್ತಾನೆ. ಅದೃಷ್ಟಕ್ಕೆ ಹಕಾರದ ಮುಂದಿನ ಸೀಟು, 0CBA, ಖಾಲಿ ಇದೆ. ವಿಂಗಡಿಸುವಾಗ ಮಾತ್ರ ಳಕಾರವನ್ನ ಅಲ್ಲಿ ಕೂರಿಸಿದರೆ ಆಯ್ತು:

```
sorted(terms, key=lambda s: s.replace("ಳ", "\u0cba"))
```

ಅಕ್ಕ ಹೇಳಿದ ಒಂದು ಸಂಜೆ ಕೆಲಸ ಅಂದರೆ ಇದೊಂದೇ. ಒಂದು ಸಾಲು.

ಕೊನೆಗೆ ಗಲಾಟೆ ಆಗಿದ್ದು ಲೇಖಕರ ಸೂಚಿಯಲ್ಲೇ. ಸರದಿಯ ಅಧ್ಯಾಯಕ್ಕೆ ಆಧಾರ ಪುಸ್ತಕಗಳಲ್ಲ. ಕೋಲಾರ, ತುಮಕೂರು ಕಡೆಯ ಒಂಬತ್ತು ಮಂದಿ ವಯಸ್ಸಾದ ನೀರುಗಂಟಿಗಳ ಮಾತು. ಅವರ ಒಪ್ಪಿಗೆ ತಗೊಂಡು ಹೆಸರು, ಊರು, ಮಾತಾಡಿದ ತಾರೀಖು ಎಲ್ಲ ಅಡಿಟಿಪ್ಪಣಿಯಲ್ಲಿತ್ತು. "ಲೇಖಕರ ಸೂಚಿ ಅಂದ್ರೆ ಬರೆದವರದ್ದು ಅಕ್ಕ, ಇವರು ಬರೆದಿಲ್ವಲ್ಲ" ಅಂದೆ. "ರೈಸ್ ಸಾಹೇಬರು ಪುಟ ತುಂಬಾ ಇರ್ತಾರೆ, ನಂಗೆ ಲೆಕ್ಕ ಹೇಳಿಕೊಟ್ಟೋರು ಇರಲ್ಲ. ಹಂಗಾದ್ರೆ ಸೂಚಿ ಹೆಸರೇ ಬದಲಾಯಿಸು" ಅಂದಳು. "ಲೇಖಕರು ಮತ್ತು ಹೇಳಿದವರು" ಅಂತ ಆಯ್ತು. ಇನಿಷಿಯಲ್ ಇಲ್ಲದವರಿಗೆ ಹೆಸರಿನ ಮುಂದೆ ಆವರಣದಲ್ಲಿ ಊರು ಹಾಕಿದೆ.

ಪ್ರೆಸ್‌ನವರು ಸೂಚಿಗೆ ಹದಿನಾರು ಪುಟ ಮಾತ್ರ ಇಟ್ಟಿದ್ದರು, ಒಂದು ಫಾರಂ. ನಮ್ಮದು ಹದಿನೆಂಟಾಗಿತ್ತು. ಎರಡು ಪುಟ ಕತ್ತರಿಸೋಕೆ ಶನಿವಾರ ಪೂರ್ತಿ ಹೋಯ್ತು. ಕೋಷ್ಟಕದಲ್ಲಿ ಹೆಸರು ಮಾತ್ರ ಇರೋ ಊರುಗಳು ಹೋದವು. "ಇತ್ಯಾದಿ ವಿದ್ವಾಂಸರು" ಅಂತ ಒಂದೇ ಉಸಿರಲ್ಲಿ ಬಂದ ಹೆಸರುಗಳು ಹೋದವು. ಇನ್ನೂ ಒಂಬತ್ತು ಸಾಲು ಜಾಸ್ತಿ ಇತ್ತು. ನಾನು ಆ ಒಂಬತ್ತು ಮಂದಿಯ ಹೆಸರಿನ ಹತ್ತಿರ ಕರ್ಸರ್ ತಂದಿದ್ದೆನೋ ಇಲ್ಲವೋ, ಫೋನಿನ ಆ ಕಡೆಯಿಂದ ಸ್ಕ್ರೀನ್ ನೋಡ್ತಿದ್ದ ಅಕ್ಕ "ಅದಕ್ಕೆ ಕೈ ಹಾಕಬೇಡ, ಬೇಕಾದ್ರೆ ನನ್ನ ಹಳೇ ಲೇಖನಗಳನ್ನ ತೆಗಿ" ಅಂದಳು. ಅವಳ ಲೇಖನಗಳು ಏಳು ಸಾಲು ಇದ್ದವು. ಇನ್ನೆರಡು ಸಾಲಿಗೆ ಅಕ್ಷರವನ್ನ ಅರ್ಧ ಪಾಯಿಂಟ್ ಚಿಕ್ಕದು ಮಾಡಿದೆವು.